ವಾಡೆ ರಿಪೇರಿಗೆ ಕನ್ಸಲ್ಟೆಂಟ್: ಮೊದಲು ರೊಕ್ಕ ಅಲ್ಲ, ಮೊದಲು ಕಾಗದ

ಹೋದ ಸಂಚಿಕೆಯೊಳಗ ನಮ್ಮ ಮನೆಯ ವಾಡೆ ಬಗ್ಗೆ ಎರಡು ಮಾತು ಹೇಳಿದ್ದೆ. ಅದಾದ ಮೇಲೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯಿಂದ ಸುಮಾರು ಮಂದಿ ಮೆಸೇಜ್ ಮಾಡಿದ್ರಿ. ಎಲ್ಲರದ್ದೂ ಹೆಚ್ಚು ಕಡಿಮೆ ಒಂದೇ ಪ್ರಶ್ನೆ. "ನಮ್ಮದೂ ಒಂದು ಹಳೇ ಮನಿ ಐತಿ, ಕೆಡವೋ ಮನಸ್ಸಿಲ್ಲ, ಯಾರನ್ನ ಕರೀಬೇಕು, ಎಷ್ಟು ಕೊಡಬೇಕು?" ಯಾರನ್ನ ಕರೀಬೇಕು ಅನ್ನೋದಕ್ಕ ನನ್ನ ಹತ್ರ ಉತ್ತರ ಇಲ್ಲ. ಆದರೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು, ಏನು ಕೈಗೆ ಬಂದ ಮೇಲೆ ಕೊಡಬೇಕು ಅನ್ನೋದನ್ನ ನಾನು ಒಂದು ಲಕ್ಷ ರೂಪಾಯಿ ಕಳಕೊಂಡು ಕಲಿತಿದ್ದೀನಿ. ಬಿ.ಕಾಂ ಓದಿದವ ನಾನು. ಮನೆಯಲ್ಲಿ ಲೆಕ್ಕ ಬರೆಯೋ ಕೆಲಸ ನನ್ನ ಪಾಲಿಗೇ ಬಂದಿತ್ತು, ಹಂಗಾಗಿ ತಪ್ಪೂ ನನ್ನ ಪಾಲಿಂದೇ.

ಮೊದಲು ವಾಡೆ ಹೇಂಗಿದೆ ಅಂತ ಹೇಳಿಬಿಡ್ತೀನಿ. ಬೈಲಹೊಂಗಲದಿಂದ ಸವದತ್ತಿ ಕಡೆ ಹೋಗುವಾಗ ಸಿಗೋ ಒಂದು ಹಳ್ಳಿ. ಸಿರಸಂಗಿ ದೇಸಗತಿ ವಾಡೆಯಂಥ ದೊಡ್ಡದು ಅಂತ ಅನ್ಕೋಬ್ಯಾಡ್ರಿ. ಮುತ್ಯಾನ ಅಪ್ಪ ಕಟ್ಟಿಸಿದ್ದು. ಕಲ್ಲಿನ ತಳಪಾಯ, ಅದರ ಮೇಲೆ ಎರಡೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ತೇಗದ ಕಂಬ, ತೊಲೆ, ಮೇಲೆ ಮಣ್ಣಿನ ಮಾಳಿಗೆ. ನಡುವೆ ಪಡಸಾಲೆ, ಬೆಳಕಿಂಡಿ. ಈಗ ನಾಲ್ಕು ಮನೆಯವರ ಪಾಲಿದೆ ಅದರಲ್ಲಿ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ರಾಮದುರ್ಗ ಸೀಮೆಯೆಲ್ಲ ನೀರು ನಿಂತಾಗ ನಮ್ಮೂರಿಗೆ ಹೊಳೆ ಬರಲಿಲ್ಲ, ಆದರೆ ಮಳೆ ಬಿಡಲಿಲ್ಲ. ಗೋಡೆಯ ತಳ ನೆನೆದು, ಬೀದಿ ಬದಿಯ ಒಂದು ಮೂಲೆ ಸ್ವಲ್ಪ ಹೊರಗೆ ವಾಲಿತು. ಅಲ್ಲಿಂದ ಶುರು ಆತು. ಕಾಕಾ ಅಂದ್ರು, "ತೇಗ ಕೊಳ್ಳವರು ಬಂದು ನೋಡಿ ಹೋಗ್ಯಾರ. ತೊಲಿ, ಕಂಬ ಮಾರಿ ಜಾಗಾ ಸಪಾಟ ಮಾಡಿ ನಾಕು ಪ್ಲಾಟ್ ಮಾಡಿದ್ರ ಮುಗೀತು." ಆಯಿ ಒಬ್ಬಾಕಿನ ಒಪ್ಪಲಿಲ್ಲ. ಆಯಿ ಇರೋತನಕ ಯಾರೂ ಕೈ ಹಚ್ಚಲಿಲ್ಲ. ಆಯಿ ಹೋದ ವರ್ಷವೇ ನಾನು ಒಬ್ಬ ಕನ್ಸಲ್ಟೆಂಟ್‌ನ ಕರೆದೆ.

ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಬೇಕು. ಕಿತ್ತೂರು ಕೋಟೆಯಂಥ ಸಂರಕ್ಷಿತ ಸ್ಮಾರಕದಲ್ಲಿ ಕೆಲಸ ಮಾಡಿಸೋದು ಸರ್ಕಾರಿ ಇಲಾಖೆ. ಅಲ್ಲಿ ಟೆಂಡರ್ ನಿಯಮ ಇರ್ತದ, ಷರತ್ತು ಇರ್ತದ, ಬಿಲ್ ನೋಡೋ ಎಂಜಿನಿಯರ್ ಇರ್ತಾರ. ನಮ್ಮಂಥವರ ವಾಡೆಗೆ ಇದ್ಯಾವುದೂ ಇಲ್ಲ. ಮಾಲೀಕರೂ ನಾವೇ, ಇಲಾಖೆಯೂ ನಾವೇ. ಇನ್ನೊಂದು ಮಾತು. 'ಆರ್ಕಿಟೆಕ್ಟ್' ಅಂತ ಹೇಳಿಕೊಳ್ಳಬೇಕಾದ್ರ 1972ರ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಬೇಕು. 'ಕನ್ಸರ್ವೇಶನ್ ಕನ್ಸಲ್ಟೆಂಟ್' ಅಂತ ಹೇಳಿಕೊಳ್ಳಲಿಕ್ಕೆ ಅಂಥಾ ನೋಂದಣಿ ಏನೂ ಬೇಕಿಲ್ಲ. ವಿಸಿಟಿಂಗ್ ಕಾರ್ಡ್ ಒಂದು ಸಾಕು. ಹಂಗಾಗಿ ನಮಗೆ ರಕ್ಷಣೆ ಅಂತ ಇರೋದು ಒಪ್ಪಂದದ ಕಾಗದ ಒಂದೇ.

ನಾನು ಮೊದಲು ಕರೆದವರು ಯಾರು ಅಂತ ಹೇಳೋದಿಲ್ಲ. ಅವರು ಕೊಟ್ಟ ಕೊಟೇಶನ್ ಒಂದೇ ಪುಟದ್ದು. "ಪಾರಂಪರಿಕ ಕಟ್ಟಡದ ಸಂರಕ್ಷಣೆಗೆ ಸಂಪೂರ್ಣ ಸಲಹಾ ಸೇವೆ, ಎರಡು ಲಕ್ಷ, ಅರ್ಧ ಮುಂಗಡ." ನನಗೆ ಬಾಳ ಸರಳ ಅನಿಸಿತು. ಒಂದು ಲಕ್ಷ ಹಾಕಿದೆ. ಎರಡು ತಿಂಗಳ ಮೇಲೆ ನಾಲ್ಕು ಬಣ್ಣದ ಚಿತ್ರ ಬಂದವು. ನಮ್ಮ ವಾಡೆ ಹೋಟೆಲ್ ತರಹ ಹೊಳೀತಿತ್ತು, ಅಂಗಳದಾಗ ತುಳಸಿಕಟ್ಟಿ ಪಕ್ಕ ಬೆತ್ತದ ಕುರ್ಚಿ ಬೇರೆ. ಆದರೆ ವಾಲಿದ ಗೋಡೆ ಯಾಕ ವಾಲಿತು ಅಂತ ಒಂದು ಸಾಲಿಲ್ಲ. ಕೇಳಿದ್ರ, "ಅದು ಸ್ಟ್ರಕ್ಚರಲ್ ಎಂಜಿನಿಯರ್ ಕೆಲಸ, ನನ್ನ ಸ್ಕೋಪ್‌ನಾಗ ಬರೂದಿಲ್ಲ" ಅಂದ್ರು. ಸಿಟ್ಟು ಬಂದು ಕಾಗದ ತೆಗೆದು ನೋಡಿದೆ. ಅವರು ಹೇಳಿದ್ದು ಸುಳ್ಳಲ್ಲ. ಸ್ಕೋಪ್ ಅಂತ ಅದರಲ್ಲಿ ಏನೂ ಇರಲೇ ಇಲ್ಲ, ಹಂಗಾದ ಮೇಲೆ ಯಾವುದೂ ಅದರೊಳಗೆ ಬರೋದಿಲ್ಲ. 'ಸಂಪೂರ್ಣ ಸೇವೆ' ಅನ್ನೋ ಶಬ್ದಕ್ಕೆ ಅರ್ಥ ಇರೋದು ಬರೆದವರ ತಲೆಯಲ್ಲಿ ಮಾತ್ರ.

ಎರಡನೇ ಸಲ ಧಾರವಾಡದ ಕಡೆಯ ಒಬ್ಬ ಮೇಡಂ ಸಿಕ್ಕರು. ಸಂರಕ್ಷಣೆಯಲ್ಲೇ ಸ್ನಾತಕೋತ್ತರ ಓದಿದವರು. ಹೆಸರು ಬೇಡ ಅಂದಿದ್ದಾರೆ. ಅವರು ಮೊದಲ ಸಲ ಬಂದಾಗ ನಾನು ಹುಷಾರಾಗಿ ಕೇಳಿದೆ, "ಮೇಡಂ, ಒಟ್ಟು ರಿಪೇರಿಗೆ ಎಷ್ಟಾಗತೈತ್ರಿ?" ಅವರು ಹೇಳಿದ್ದು: "ಈಗ ಹೇಳಿದ್ರ ಅದು ಸುಳ್ಳಾಗತೈತ್ರಿ. ಗ್ವಾಡಿ ಒಳಗ ಏನೈತಿ, ತೊಲಿ ತುದಿ ಹೆಂಗೈತಿ ನನಗೂ ಗೊತ್ತಿಲ್ಲ. ಅದನ್ನ ತಿಳಕೊಳ್ಳೂದಕ್ಕ ಎಷ್ಟಾಗತೈತಿ ಅಂತ ಬೇಕಾದ್ರ ಹೇಳ್ತೀನಿ."

ಈ ಒಂದು ಮಾತಲ್ಲೇ ವಿಷಯ ಇದೆ. ಹೊಸ ಮನೆ ಕಟ್ಟುವಾಗ ಏನು ಕಟ್ಟಬೇಕು ಅಂತ ಮೊದಲೇ ಗೊತ್ತಿರ್ತದ, ಅದಕ್ಕ ಆರ್ಕಿಟೆಕ್ಟ್ ಫೀ ಕಟ್ಟಡದ ವೆಚ್ಚದ ಇಂತಿಷ್ಟು ಪರ್ಸೆಂಟ್ ಅಂತ ಇಟ್ಟರೆ ನಡೀತದ. ಹಳೇ ಮನೆಗೆ ಪರ್ಸೆಂಟ್ ಲೆಕ್ಕ ಹಾಕಿದರೆ ಏನಾಗ್ತದ ನೋಡ್ರಿ. ಫೀ 10 ಪರ್ಸೆಂಟ್ ಅಂದ್ಕೊಳ್ಳೋಣ, ರಿಪೇರಿ 36 ಲಕ್ಷ ಅಂದ್ಕೊಳ್ಳೋಣ. ಫೀ 3 ಲಕ್ಷ 60 ಸಾವಿರ. ಈಗ ಕನ್ಸಲ್ಟೆಂಟ್ ನಾಲ್ಕು ದಿನ ಹೆಚ್ಚು ಕೂತು, ತೊಲೆಗಳನ್ನ ಒಂದೊಂದಾಗಿ ತಟ್ಟಿ ನೋಡಿ, "ಇವನ್ನ ಬದಲಿಸೋದು ಬೇಡ" ಅಂತ ಹೇಳಿ 10 ಲಕ್ಷ ಉಳಿಸಿಕೊಟ್ಟರೆ ಅವರ ಫೀ ಒಂದು ಲಕ್ಷ ಕಡಿಮೆ ಆಗ್ತದ. ಏನೂ ನೋಡದೆ "ಮಾಳಿಗೆ ತೆಗೆದು ಆರ್‌ಸಿಸಿ ಹಾಕ್ರಿ" ಅಂದರೆ ಫೀ ಏರ್ತದ. ಅವರು ಪ್ರಾಮಾಣಿಕರೇ ಇರಬಹುದು. ಆದರೆ ಒಳ್ಳೇ ಕೆಲಸ ಮಾಡಿದ್ದಕ್ಕೆ ದಂಡ ಬೀಳೋ ಹಂಗೆ ನಾವೇ ಯಾಕ ಲೆಕ್ಕ ಇಡಬೇಕು?

ಮೇಡಂ ಕಳಿಸಿದ ಪ್ರಪೋಸಲ್ ಒಂಬತ್ತು ಪುಟ. ಒಟ್ಟು ಫೀ ಅದೇ 3,60,000. ಆದರೆ ಪರ್ಸೆಂಟ್ ಅಲ್ಲ, ನಿಗದಿ ಮೊತ್ತ, ನಾಲ್ಕು ಹಂತದಲ್ಲಿ. ಮೊದಲ ಹಂತ ತಪಾಸಣೆ, 1,20,000. ಎರಡನೇದು ರಿಪೇರಿಯ ಯೋಜನೆ ಮತ್ತು ಅಂದಾಜು ಪಟ್ಟಿ, ಒಂದು ಲಕ್ಷ. ಮೂರನೇದು ಕೆಲಸ ನಡೆಯುವಾಗಿನ ಭೇಟಿಗಳು, ಹನ್ನೆರಡು ಭೇಟಿ, ಒಂದಕ್ಕೆ 9,000. ಕೊನೆಗೆ ಮುಕ್ತಾಯದ ದಾಖಲೆ, 32,000. ಇದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಂದರೆ 64,800. ಇದು ನಮ್ಮ ವಾಡೆಯ ಲೆಕ್ಕ. ನಿಮ್ಮದಕ್ಕ ಇದನ್ನೇ ದರ ಅಂತ ತೋರಿಸಬ್ಯಾಡ್ರಿ, ಅಳತೆ ಬೇರೆ, ದೂರ ಬೇರೆ, ಹಾಳಾಗಿರೋದೂ ಬೇರೆ.

ನನಗೆ ಹಿಡಿಸಿದ್ದು ಮೊತ್ತ ಅಲ್ಲ, ಮೊದಲ ಹಂತವನ್ನ ಬರೆದ ರೀತಿ. "ಕಟ್ಟಡದ ಅಧ್ಯಯನ ಮಾಡಲಾಗುವುದು" ಅಂತ ಬರೆದಿರಲಿಲ್ಲ. ಕೈಗೆ ಏನು ಬರ್ತದ ಅಂತ ಬರೆದಿತ್ತು. ಎಲ್ಲ ಮಹಡಿಯ ನಕ್ಷೆ, ನಾಲ್ಕೂ ಬದಿಯ ಗೋಡೆಯ ಚಿತ್ರ, ಎರಡು ಕಡೆ ಸೀಳಿ ತೋರಿಸಿದ ಚಿತ್ರ, ಎಲ್ಲ 1:50 ಅಳತೆಯಲ್ಲಿ. ಅದೇ ಗೋಡೆ ಚಿತ್ರಗಳ ಮೇಲೆ ಪ್ರತಿ ಬಿರುಕು, ಪ್ರತಿ ಹಸಿ ಕಲೆ, ಉದುರಿದ ಗಿಲಾವು, ಒರಲಿ ಹತ್ತಿದ ಜಾಗ ಗುರುತು ಮಾಡಿ, ಫೋಟೋ ನಂಬರ್ ಹಾಕಿ ಕೊಡಬೇಕು. ಪ್ರತಿ ತೊಲೆಗೂ ನಂಬರ್, ಅದರ ಸ್ಥಿತಿ ಒಂದು ಸಾಲಿನಲ್ಲಿ. ಕೊನೆಗೆ ಒಂದು ವರದಿ, ಅದರಲ್ಲಿ "ಹಾನಿ ಏನು" ಅಂತ ಮಾತ್ರ ಅಲ್ಲ, "ಹಾನಿಗೆ ಕಾರಣ ಏನು, ಕಾರಣ ಅಂತ ಯಾವುದರಿಂದ ಗೊತ್ತಾಯಿತು" ಅಂತ ಬರೆದಿರಬೇಕು. ಇದರ ಜೊತೆಗೆ, ಮಳೆಗಾಲಕ್ಕೆ ಮುಂಚೆ ತಕ್ಷಣ ಕೊಡಬೇಕಾದ ಆಸರೆ ಎಲ್ಲಿ, ಹೇಗೆ ಅಂತ ಒಂದು ಪುಟ.

ಹಣ ಹೇಂಗ ಕೊಡೋದು? ಸಹಿ ಮಾಡಿದ ದಿನ 30,000. ಕರಡು ನಕ್ಷೆ, ಕರಡು ವರದಿ ಕೈಗೆ ಬಂದ ದಿನ 60,000. ನಾವು ಓದಿ, ತಪ್ಪಿದ್ದದ್ದನ್ನ ತೋರಿಸಿ, ಅವರು ತಿದ್ದಿ ಕೊಟ್ಟ ಮೇಲೆ ಉಳಿದ 30,000. ನಾವು ಹದಿನೈದು ದಿನದೊಳಗ ಏನೂ ಹೇಳದಿದ್ದರೆ ಒಪ್ಪಿದಂಗೆ. ಇದು ಅವರಿಗೂ ರಕ್ಷಣೆ. ನಮ್ಮಂಥ ನಾಲ್ಕು ಮನೆಯವರು ಕೂಡಿ ಒಂದು ಅಭಿಪ್ರಾಯ ಹೇಳೋದ್ರೊಳಗೆ ಎರಡು ಯುಗಾದಿ ಆಗ್ತಾವು. ಆ ಹದಿನೈದು ದಿನದ ಸಲುವಾಗಿ ನಮ್ಮಲ್ಲೇ ಒಬ್ಬರನ್ನ ನೇಮಿಸಬೇಕು ಅಂತಲೂ ಕಾಗದದಲ್ಲಿತ್ತು: "ಮಾಲೀಕರ ಪರವಾಗಿ ಸೂಚನೆ ಕೊಡುವವರು ಒಬ್ಬರೇ." ಕಾಕಾ ಒಂದು ಹೇಳಿ, ದೊಡ್ಡಪ್ಪ ಒಂದು ಹೇಳಿ, ಗೌಂಡಿ ಮೂರನೇದು ಮಾಡೋದನ್ನ ಮೇಡಂ ಬಾಳ ಕಡೆ ನೋಡಿದಂಗಿತ್ತು.

ಆಮೇಲೆ 'ಇದರಲ್ಲಿ ಇಲ್ಲದ್ದು' ಅಂತ ಒಂದು ಪುಟ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಅದೇ. ಸ್ಟ್ರಕ್ಚರಲ್ ಎಂಜಿನಿಯರ್ ಫೀ ಇಲ್ಲ, ಬೇಕಾದರೆ ಯಾವ ಮೂಲೆಗೆ ಬೇಕು ಅಂತ ಮೊದಲ ಹಂತದಲ್ಲಿ ಹೇಳ್ತೀವಿ. ಗಾರೆ, ಮಣ್ಣಿನ ಲ್ಯಾಬ್ ಪರೀಕ್ಷೆಯ ಖರ್ಚು ಇಲ್ಲ, ಬಿಲ್ ಪ್ರಕಾರ ಬೇರೆ, ಆದರೆ ಮೊದಲೇ ಕೇಳದೆ ಮಾಡಿಸೋದಿಲ್ಲ. ಅನುಮತಿ ತರೋದು ಮಾಲೀಕರ ಕೆಲಸ, ಅದಕ್ಕೆ ಬೇಕಾದ ನಕ್ಷೆ ಮಾತ್ರ ನಾವು ಕೊಡ್ತೀವಿ. ನಮಗೆ ಅನುಮತಿಯ ತಲೆನೋವು ಬರಲಿಲ್ಲ. ಆದರೆ ನಿಮ್ಮ ಮನೆ ಕೇಂದ್ರ ಸಂರಕ್ಷಿತ ಗುಡಿಗೋ ಕೋಟೆಗೋ ಹತ್ತಿಕೊಂಡಿದ್ದರೆ, ಮೊದಲ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ರಿಪೇರಿಗೂ ಅನುಮತಿ ಬೇಕು. ಆ ಓಡಾಟ ಯಾರದು ಅಂತ ಕಾಗದದಲ್ಲಿ ಇಲ್ಲದಿದ್ದರೆ ಆರು ತಿಂಗಳು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ಕೋತ ಕೂಡಬೇಕಾಗ್ತದ.

ಈಗ ಮೊದಲ ಹಂತದಲ್ಲಿ ಏನು ಸಿಕ್ಕಿತು ಅಂತ ಹೇಳ್ತೀನಿ. ಬಿರುಕಿನ ಮೇಲೆ ನಾಲ್ಕು ಕಡೆ ಸಣ್ಣ ಗಾಜಿನ ಪಟ್ಟಿ ಅಂಟಿಸಿದರು. ಎರಡೂ ತುದಿ ಬಿರುಕಿನ ಆಚೆ ಈಚೆ ಗಟ್ಟಿಯಾಗಿ ಕೂಡಿಸಿ, ಮೇಲೆ ದಿನಾಂಕ ಬರೆದರು. ಗೋಡೆ ಇನ್ನೂ ಅಲುಗುತ್ತಿದ್ದರೆ ಗಾಜು ಒಡೀತದ, ಇಲ್ಲದಿದ್ದರೆ ಹಂಗೇ ಇರ್ತದ. ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೊಮ್ಮೆ ಅದರ ಪಕ್ಕ ಸ್ಕೇಲ್ ಹಿಡಿದು ಫೋಟೋ ತೆಗೆದು ಕಳಿಸೋದು ನನ್ನ ಕೆಲಸ ಅಂತ ಪ್ರಪೋಸಲ್‌ನಲ್ಲೇ ಇತ್ತು. ಹಂಗಾಗಿ ಕೊನೆಯ ವರದಿಗೆ ಮಳೆಗಾಲ ಮುಗಿಯೋ ತನಕ ಕಾಯಬೇಕಾಯ್ತು. ಯಾರಾದರೂ ಬೇಸಿಗೆಯಲ್ಲಿ ಬಂದು, ಹದಿನೈದು ದಿನಕ್ಕೆ "ನಿಮ್ಮ ಗೋಡೆ ಗಟ್ಟಿ ಐತಿ" ಅಂತ ವರದಿ ಕೊಟ್ಟರೆ ಯಾವ ಮಳೆ ನೋಡಿ ಹೇಳಿದ್ರಿ ಅಂತ ಕೇಳ್ರಿ.

ನಾಲ್ಕರಲ್ಲಿ ಮೂರು ಗಾಜು ಹಂಗೇ ಉಳಿದವು. ಒಡೆದದ್ದು ಒಂದೇ, ಆ ವಾಲಿದ ಮೂಲೆಯದ್ದು. ಅಲ್ಲಿ ಯಾಕ? ಗೋಡೆ ಚಿತ್ರದ ಮೇಲೆ ಹಸಿ ಕಲೆ ಗುರುತು ಮಾಡಿದಾಗ ಒಂದು ನೇರ ಗೆರೆ ಬಂತು. ನೆಲದಿಂದ ಮೂರಡಿ ಎತ್ತರ, ಆ ಗೆರೆಯ ಕೆಳಗೆ ಕಾಕಾ ಕೆಲವು ವರ್ಷದ ಹಿಂದೆ ಮಾಡಿಸಿದ ಸಿಮೆಂಟ್ ಗಿಲಾವು. ಹೊರಗೆ ಬೀದಿಗೆ ಕಾಂಕ್ರೀಟ್ ರಸ್ತೆ ಹಾಕಿದ್ದರು, ಅದರ ಮೇಲೆ ಇನ್ನೊಂದು ಹಾಕಿದ್ದರು. ರಸ್ತೆ ಏರಿ ಏರಿ ನಮ್ಮ ಕಲ್ಲಿನ ತಳಪಾಯಕ್ಕಿಂತ ಮೇಲೆ ಬಂದಿತ್ತು. ಮಳೆ ನೀರು ಕಲ್ಲಿಗೆ ಬಡಿಯೋ ಬದಲು ಸೀದಾ ಮಣ್ಣಿನ ಗೋಡೆಗೆ ನಿಲ್ತಿತ್ತು. ಮಣ್ಣಿನ ಗೋಡೆ ನೆನೆದರೂ ಗಾಳಿಗೆ ಒಣಗ್ತದ. ಸಿಮೆಂಟ್ ಹಾಕಿದ್ದರಿಂದ ಒಣಗಲಿಕ್ಕೆ ದಾರಿ ಇರಲಿಲ್ಲ. ಒಳಗೇ ನೆನೆದು, ಮೆತ್ತಗಾಗಿ, ಮೇಲಿನ ಮಾಳಿಗೆಯ ಭಾರಕ್ಕೆ ಹೊರಗೆ ಉಬ್ಬಿತ್ತು. ಮೇಡಂ ಒಂದು ಕಡೆ ಒಂದು ಅಡಿ ಚೌಕ ಗಿಲಾವು ತೆಗೆಸಿ ತೋರಿಸಿದರು. ಹಿಂದಿನ ಮಣ್ಣು ಕೈಯಲ್ಲಿ ಹಿಚುಕಿದರೆ ಉಂಡೆ ಆಗ್ತಿತ್ತು, ಅದೂ ಮಳೆ ನಿಂತು ಮೂರು ವಾರ ಆದ ಮೇಲೆ.

ತೊಲೆಯ ಕಥೆ ಇನ್ನೂ ಮಜಾ. ತೊಲೆ ಕೊಳೆಯೋದು ನಡುವೆ ಅಲ್ಲ, ಗೋಡೆಯೊಳಗೆ ಹೋಗಿರೋ ತುದಿಯಲ್ಲಿ. ಬಡಿಗೇರ ಒಬ್ಬರನ್ನ ಕೂಡಿಸಿಕೊಂಡು ಎಲ್ಲ ತೊಲೆ ತಟ್ಟಿ, ತುದಿಗೆ ದಬ್ಬಣ ಚುಚ್ಚಿ ನೋಡಿದರು. ಗಟ್ಟಿ ಇದ್ದರೆ ದಬ್ಬಣ ನಿಲ್ತದ, ಕೊಳೆತಿದ್ದರೆ ಬೆಣ್ಣೆಗೆ ಹೋದಂಗ ಹೋಗ್ತದ. 38ರಲ್ಲಿ ಐದು ತುದಿ ಹೋಗಿದ್ದವು, ಐದೂ ಅದೇ ಹಸಿ ಗೋಡೆಯ ಮೇಲಿನವು. ಕೊಳೆತ ತುದಿ ಅಷ್ಟೇ ಕತ್ತರಿಸಿ ಹಳೇ ತೇಗದ ತುಂಡು ಜೋಡಿಸಿದರೆ ಆಯಿತು. ಉಳಿದ 33ಕ್ಕೆ ಕೈ ಹಚ್ಚೋದು ಬೇಡ. ಕಾಕಾಗೆ ತೋರಿಸಿದೆ. "ಮತ್ತ ಆ ಗುತ್ತಿಗೆದಾರ ಎಲ್ಲಾ ಒರಲಿ ತಿಂದೈತಿ ಅಂದಿದ್ದನಲ್ಲೋ?" ಅಂದ್ರು. ತೊಲೆ ಪಟ್ಟಿ ಹಾಳೆ ಅವರ ಕೈಗೇ ಕೊಟ್ಟೆ. ಕನ್ನಡಕ ಹಾಕ್ಕೊಂಡು ಒಂದೊಂದು ಸಾಲು ಓದಿದರು. ಏನೂ ಅನ್ನಲಿಲ್ಲ. ಕಾಕಾ ಏನೂ ಅನ್ನದಿದ್ದರೆ ಅದು ದೊಡ್ಡ ಮಾತು.

ಇಲ್ಲಿಗೆ ನಮಗೆ ಆದ ಖರ್ಚು 1,20,000, ಜಿಎಸ್‌ಟಿ ಸೇರಿ 1,41,600. ನಾಲ್ಕು ಮನೆಗೆ ಹಂಚಿದರೆ ತಲಾ 35,400. ಇಲ್ಲೇ ನಿಲ್ಲಿಸಬಹುದಿತ್ತು. ಪ್ರಪೋಸಲ್‌ನಲ್ಲಿ ಒಂದು ಸಾಲಿದೆ: ಯಾವ ಹಂತ ಮುಗಿದ ಮೇಲೂ ಇಬ್ಬರಲ್ಲಿ ಯಾರೇ ಹದಿನೈದು ದಿನದ ನೋಟಿಸ್ ಕೊಟ್ಟು ನಿಲ್ಲಿಸಬಹುದು, ಮುಗಿದ ಹಂತದ ಹಣ ಕೊಟ್ಟರೆ ಸಾಕು. ಅದಕ್ಕೆ ಹೊಂದಿಕೊಂಡು ಇನ್ನೊಂದು ಸಾಲು ಇರಲೇಬೇಕು. ನಕ್ಷೆಯ ಹಕ್ಕು ಸಾಮಾನ್ಯವಾಗಿ ಮಾಡಿದ ಆರ್ಕಿಟೆಕ್ಟ್‌ದೇ ಆಗಿರ್ತದ. ಅದಕ್ಕ ನಾನು ಸೇರಿಸಿ ಅಂತ ಕೇಳಿದ್ದು: ಪಿಡಿಎಫ್ ಅಲ್ಲದೆ ಕ್ಯಾಡ್ ಫೈಲೂ ನಮಗೆ ಕೊಡಬೇಕು, ಇದೇ ಕಟ್ಟಡದ ರಿಪೇರಿಗೆ ಮುಂದೆ ಬೇರೆಯವರನ್ನ ಹಿಡಿದರೂ ನಾವು ಅದನ್ನ ಬಳಸಬಹುದು. ಮೇಡಂ ತಕರಾರಿಲ್ಲದೆ ಸೇರಿಸಿದರು. ಬದಲಿಗೆ, "ನನ್ನ ಹೆಸರು ತೆಗೀಬ್ಯಾಡ್ರಿ" ಅಂದರು. ನ್ಯಾಯವೇ.

ಎರಡನೇ ಹಂತ ಜಲ್ದಿ ಹೇಳಿ ಮುಗಿಸ್ತೀನಿ. ಒಂದು ಲಕ್ಷದಲ್ಲಿ 70,000 ರಿಪೇರಿ ನಕ್ಷೆ ಮತ್ತು ಅಂದಾಜು ಪಟ್ಟಿಗೆ. ಉಳಿದ 30,000 ಗೋಡೆ ಮೇಲೆ ಮಾದರಿ ತುಂಡು ಮಾಡಿಸಿ, ಮೂರು ಜನ ಗುತ್ತಿಗೆದಾರರ ದರ ಹೋಲಿಸಿ ಕೊಟ್ಟ ಮೇಲೆ. ಮಾದರಿ ತುಂಡು ಅಂದರೆ ಒಂದು ಮೀಟರ್ ಚೌಕ ಮಣ್ಣಿನ ಗಿಲಾವು, ಅದರ ಮೇಲೆ ಸುಣ್ಣದ ತೆಳು ಲೇಪ. ಮೂರು ಬೇರೆ ಬೇರೆ ಪಾಕದಲ್ಲಿ ಮಾಡಿ, ಒಂದು ತಿಂಗಳು ಬಿಟ್ಟು, ಯಾವುದು ಸೀಳಲಿಲ್ಲ ಅಂತ ನೋಡೋದು. ದರ ಕೊಡೋ ಗೌಂಡಿಯೇ ಅದನ್ನ ಮಾಡಬೇಕು. ಬಾಯಲ್ಲಿ ಎಲ್ಲರಿಗೂ ಸುಣ್ಣದ ಕೆಲಸ ಬರ್ತದ. ನಮ್ಮಲ್ಲಿ ಮೂವರಲ್ಲಿ ಇಬ್ಬರ ತುಂಡು ಒಣಗುವಾಗಲೇ ಸೀಳಿತು. ಒಬ್ಬರದ್ದು ನಿಂತಿತು, ವಯಸ್ಸಾದವರು, ರಾಮದುರ್ಗದ ಕಡೆಯವರು. ದರ ಇಬ್ಬರಿಗಿಂತ ಸ್ವಲ್ಪ ಹೆಚ್ಚು. ಅವರಿಗೇ ಕೊಟ್ಟೆವು.

ಈಗ ನಾವಿರೋದು ಮೂರನೇ ಹಂತದಲ್ಲಿ. ಇಲ್ಲಿ ಹಣ ತಿಂಗಳಿಗಿಷ್ಟು ಅಂತ ಇಲ್ಲ. ತಿಂಗಳ ಲೆಕ್ಕ ಇಟ್ಟಿದ್ದರೆ ನಾವು ಮುಳುಗ್ತಿದ್ದೆವು. ಮಣ್ಣು, ಸುಣ್ಣದ ಕೆಲಸ ಮಳೆಯಲ್ಲಿ ನಿಲ್ತದ, ಎಲ್ಲಮ್ಮನ ಜಾತ್ರೆಗೆ ಅರ್ಧ ಆಳು ಸವದತ್ತಿ ಗುಡ್ಡಕ್ಕೆ ಹೋಗ್ತಾರ, ಸುಗ್ಗಿಯಲ್ಲಿ ಉಳಿದರ್ಧ ಹೊಲಕ್ಕೆ. ಅದಕ್ಕ ಭೇಟಿ ಲೆಕ್ಕ. ಭೇಟಿಗೂ ತಾರೀಕು ಇಲ್ಲ, ಸಂದರ್ಭ ಇದೆ. ಮಾಳಿಗೆ ಬಿಚ್ಚೋ ಮುನ್ನ ಒಂದು. ಬಿಚ್ಚಿದ ಮೇಲೆ, ತೊಲೆ ತುದಿ ಕಂಡಾಗ ಒಂದು. ತೊಲೆ ಜೋಡಿಸಿ ಮೇಲೆ ಮಣ್ಣು ಹಾಕೋ ಮುನ್ನ ಒಂದು. ಹಿಂಗ ಹನ್ನೆರಡೂ ಬರೆದಿವೆ. ಅರ್ಥ ಇಷ್ಟೇ, ಮೇಡಂ ನೋಡೋ ತನಕ ಮುಚ್ಚಬ್ಯಾಡ್ರಿ. ಭೇಟಿ ಆಗಿ ಮೂರು ದಿನದೊಳಗ ಒಂದು ಪುಟದ ಟಿಪ್ಪಣಿ ಬರಬೇಕು, ಬಂದ ಮೇಲೆ 9,000. ಟಿಪ್ಪಣಿ ಇಲ್ಲದ ಭೇಟಿಗೆ ಹಣ ಇಲ್ಲ. ಕೆಲಸ ಆರು ತಿಂಗಳಿಗಿಂತ ಹೆಚ್ಚು ನಿಂತರೆ ಭೇಟಿ ದರ ಮತ್ತೆ ಮಾತಾಡಬೇಕು ಅಂತ ಅವರು ಹಾಕಿಸಿದ್ದಾರೆ. ನಾನು ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿದೆ. ಪೆಟ್ರೋಲ್ ದರ ನಾನು ಹೇಳಿದಂಗೆ ಕೇಳೋದಿಲ್ಲವಲ್ಲ.

ಲೆಕ್ಕದವನಾಗಿ ಒಂದು ಸಣ್ಣ ಮಾತು. ಜಿಎಸ್‌ಟಿ ಇರೋ ಕನ್ಸಲ್ಟೆಂಟ್ ಟ್ಯಾಕ್ಸ್ ಇನ್‌ವಾಯ್ಸ್ ಹಾಕಿದರೆ, ನಾವು ಹಣ ಕೊಡದಿದ್ದರೂ ಅವರು ಆ ತೆರಿಗೆ ಕಟ್ಟಬೇಕಾಗ್ತದ. ಅದಕ್ಕ ಮೊದಲು ಪ್ರೊಫಾರ್ಮಾ ಕಳಿಸ್ತಾರೆ. ಅದನ್ನ ನೋಡಿ "ಇದು ಪಕ್ಕಾ ಬಿಲ್ ಅಲ್ಲ" ಅಂತ ಅನುಮಾನ ಪಡಬ್ಯಾಡ್ರಿ. ಹಣ ಕೊಟ್ಟ ಮೇಲೆ ಟ್ಯಾಕ್ಸ್ ಇನ್‌ವಾಯ್ಸ್ ಕೇಳಿ ತಗೊಳ್ರಿ. ಮಠವೋ ಟ್ರಸ್ಟೋ ಮಾಡಿಸ್ತಿದ್ದರೆ ವೃತ್ತಿ ಶುಲ್ಕದ ಮೇಲೆ ಟಿಡಿಎಸ್ ಕಡಿಯೋದು ಇರ್ತದ, ಜಿಎಸ್‌ಟಿ ಬೇರೆ ತೋರಿಸಿದ್ದರೆ ಅದನ್ನ ಬಿಟ್ಟು ಫೀ ಮೇಲೆ ಮಾತ್ರ. ಕಡಿದು ಕೊಟ್ಟಾಗ "ಫೀ ಕಡಿಮೆ ಕೊಟ್ರಿ" ಅಂತ ಜಗಳ ಆಗಬಾರದು ಅಂದರೆ ಇದೂ ಪ್ರಪೋಸಲ್‌ನಲ್ಲಿ ಒಂದು ಸಾಲು ಇರಲಿ.

ಕೊನೆಯ ಹಂತದ 32,000ಕ್ಕೆ ಏನು ಬರ್ತದ ಅಂತ ಕೇಳಿದವರಿದ್ದಾರೆ. ಎಲ್ಲಿ ಏನು ಬದಲಾಯಿಸಿದರು ಅಂತ ಗುರುತು ಮಾಡಿದ ನಕ್ಷೆ, ಯಾವ ಪಾಕ ಎಲ್ಲಿ ಹಾಕಿದರು ಅಂತ ಪಟ್ಟಿ, ಮತ್ತು ಕನ್ನಡದಲ್ಲಿ ಎರಡು ಪುಟದ ನಿರ್ವಹಣೆ ಹಾಳೆ. ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕೋದು ಎಲ್ಲಿ, ನೀರು ಹೋಗೋ ದಾರಿ ಯಾವುದು, ಯಾವ ಗೋಡೆಗೆ ಸಿಮೆಂಟ್ ತಾಗಿಸಬಾರದು. ಆ ಹಾಳೆ ಕನ್ನಡದಲ್ಲೇ ಬೇಕು ಅಂತ ನಾನೇ ಹಾಕಿಸಿದೆ. ಅದನ್ನ ಓದೋದು ನಾನಲ್ಲ, ಅಲ್ಲಿ ಇರೋ ಕಾಕಾ.

ಹೋದ ವಾರ ಐದನೇ ಭೇಟಿ ಆಯಿತು. ಬೀದಿ ಬದಿಯ ಸಿಮೆಂಟ್ ಗಿಲಾವು ಪೂರ್ತಿ ತೆಗೆದಿದ್ದಾರೆ, ಗೋಡೆ ಒಣಗಲಿ ಅಂತ ಬಿಟ್ಟಿದ್ದಾರೆ. ರಸ್ತೆ ಬದಿಗೆ ನೀರು ಹೋಗಲಿಕ್ಕೆ ಒಂದು ಗಟಾರ ಬೇಕು, ಅದಕ್ಕೆ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೀನಿ. ಅದು ಮೇಡಂ ಸ್ಕೋಪ್‌ನಲ್ಲಿ ಇಲ್ಲ, 'ಇದರಲ್ಲಿ ಇಲ್ಲದ್ದು' ಪುಟದ ಕೊನೆಯ ಸಾಲು ಅದೇ. ತೇಗ ಕೊಳ್ಳವರು ನಿನ್ನೆ ಮತ್ತ ಫೋನ್ ಮಾಡಿದ್ರಂತೆ. ಕಾಕಾ, "ಐದು ತುಂಡು ಹಳೇ ತೇಗ ನಮಗ ಬೇಕಾಗೇತಿ, ನಿಮ್ಮಲ್ಲಿ ಇದ್ರ ರೇಟ್ ಹೇಳ್ರಿ" ಅಂದ್ರಂತೆ.